ತಮ್ಮನ ಇನ್ಸೆಂಟಿವ್‌ನಲ್ಲಿ ಕಾಣೆಯಾದ 2,300 ರೂಪಾಯಿ

ಕಳೆದ ನವೆಂಬರ್‌ನಲ್ಲಿ ಎರಡು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಅರೆನಿದ್ದೆ ಮಾಡ್ಕೊಂಡು ಬೆಳಿಗ್ಗೆ ಹೊಸಪೇಟೆಯಲ್ಲಿ ಇಳಿದರೆ, ಕರೆದುಕೊಂಡು ಹೋಗಲು ಬಂದ ಚಿಕ್ಕಪ್ಪನ ಮಗನ ಮುಖ ಗಂಟು ಹಾಕಿಕೊಂಡಿತ್ತು. ಬೈಕ್ ಸ್ಟಾರ್ಟ್ ಮಾಡೋ ಮೊದಲೇ ಫೋನ್ ನನ್ನ ಕೈಗಿಟ್ಟ. "ಅಣ್ಣ, ನೋಡು ಇದನ್ನ. ಹದಿನಾಲ್ಕು ಸಾವಿರ ಹೊಡದಾರ."

ಅವನು ಇಲ್ಲಿನ ಒಬ್ಬ ಡಿಸ್ಟ್ರಿಬ್ಯೂಟರ್ ಹತ್ತಿರ ಸೇಲ್ಸ್‌ಮನ್. ಮೈಸೋಪು, ಪೇಸ್ಟು, ಶಾಂಪೂ, ಬಿಸ್ಕತ್ತು ಅವನ ಸಾಮಾನು. ವಾರದಲ್ಲಿ ಎರಡು ದಿನ ಹೊಸಪೇಟೆ ಲೈನು, ಎರಡು ದಿನ ಕಂಪ್ಲಿ, ಒಂದು ದಿನ ಸಂಡೂರು, ಒಂದು ದಿನ ಕಮಲಾಪುರ ಮತ್ತು ಹಂಪಿ. ಅಂಗಡಿಗೆ ಹೋಗ್ತಾನೆ, ಆಪ್‌ನಲ್ಲಿ ಆರ್ಡರ್ ಹಾಕ್ತಾನೆ, ಮಾರನೇ ದಿನ ಗಾಡಿ ಮಾಲು ಇಳಿಸುತ್ತೆ. ಸಂಬಳದ ಮೇಲೆ ತಿಂಗಳಿಗೊಂದು ಇನ್ಸೆಂಟಿವ್. ಬೈಕ್‌ನ ಕಂತು ಹೋಗೋದು ಆ ದುಡ್ಡಲ್ಲೇ.

ಫೋನ್‌ನಲ್ಲಿ ಇದ್ದದ್ದು ಅಕ್ಟೋಬರ್ ತಿಂಗಳ ಸ್ಲಿಪ್. ಎರಡೇ ಸಾಲು. ನಿವ್ವಳ ಮಾರಾಟ 7,94,000. ಇನ್ಸೆಂಟಿವ್ 5,440.

"ನಿನ್ನ ಲೆಕ್ಕದಲ್ಲಿ ಎಷ್ಟು ಬರಬೇಕಿತ್ತು?" ಅಂದೆ.

"ಇಪ್ಪತ್ತು ಸಾವಿರದ ಅರವತ್ತು. ದೀಪಾವಳಿ ತಿಂಗಳು ಅಣ್ಣ, ಒಂಬತ್ತು ಲಕ್ಷ ಮೂರು ಸಾವಿರ ಹೊಡೆದೀನಿ. ಆಪ್‌ನಾಗ ಐತಿ ನೋಡು." ಸಾವ್ಕಾರ್ರಿಗೆ ಕಳಿಸೋಕೆ ಅಂತ ಒಂದು ವಾಯ್ಸ್ ಮೆಸೇಜ್ ಕೂಡ ರೆಡಿ ಮಾಡಿಟ್ಟಿದ್ದ. ನಾನು ಕೇಳಿದೆ. ಅದನ್ನು ಇಲ್ಲಿ ಬರೆಯೋ ಹಾಗಿಲ್ಲ.

"ಲೇ, ಇದನ್ನ ಕಳಿಸಬೇಡ. ಮೊದಲು ತಿಂಡಿ, ಆಮೇಲೆ ಲೆಕ್ಕ," ಅಂದೆ. ಒಗ್ಗರಣಿ ಮಿರ್ಚಿ ಅಂಗಡಿಯಲ್ಲಿ ಕೂತು ಶುರುವಾದ ಲೆಕ್ಕ ಮುಗಿದದ್ದು ಸಂಜೆಗೆ. ನೀವೂ ಸೇಲ್ಸ್‌ನಲ್ಲಿದ್ದರೆ, ಅಥವಾ ಮನೆಯಲ್ಲಿ ಯಾರಾದರೂ ಇದ್ದರೆ, ಆ ಲೆಕ್ಕ ನಿಮಗೂ ಬೇಕಾದೀತು ಅಂತ ಪೂರ್ತಿ ಬರೀತಿದ್ದೀನಿ.

ಮೊದಲ ಪ್ರಶ್ನೆ: ದರ ಯಾವುದರ ಮೇಲೆ?

ಸೇರುವಾಗ ಕೊಟ್ಟ ಸ್ಕೀಮ್ ಲೆಟರ್ ಎಲ್ಲಿ ಅಂತ ಕೇಳಿದೆ. ಪುಣ್ಯಕ್ಕೆ ಅದರ ಫೋಟೋ ಇಟ್ಟುಕೊಂಡಿದ್ದ. ಅದರಲ್ಲಿ ಹೀಗಿತ್ತು: ತಿಂಗಳ ನಿವ್ವಳ ಮಾರಾಟದಲ್ಲಿ ಮೊದಲ 5 ಲಕ್ಷಕ್ಕೆ ಶೇ. 0.5, 5ರಿಂದ 8 ಲಕ್ಷದವರೆಗಿನ ಭಾಗಕ್ಕೆ ಶೇ. 1, 8 ಲಕ್ಷದ ಮೇಲಿನ ಭಾಗಕ್ಕೆ ಶೇ. 2. ಟಾರ್ಗೆಟ್ 8 ಲಕ್ಷ. ಅದನ್ನು ಮುಟ್ಟಿದರೆ ಮೇಲೊಂದು 2,000 ರೂಪಾಯಿ ಬೋನಸ್.

ತಮ್ಮ ಮಾಡಿದ ಲೆಕ್ಕ ಸರಳ. ಎಂಟು ಲಕ್ಷ ದಾಟಿದೆ, ಹಾಗಾಗಿ ಇಡೀ 9,03,000ಕ್ಕೆ ಶೇ. 2, ಅಂದ್ರೆ 18,060. ಜೊತೆಗೆ ಬೋನಸ್ 2,000.

ಇಂಥ ಸ್ಕೀಮ್‌ಗಳಲ್ಲಿ ಎರಡು ಜಾತಿ ಇವೆ. ಒಂದರಲ್ಲಿ ನೀವು ಮುಟ್ಟಿದ ಸ್ಲಾಬ್‌ನ ದರ ಮೊದಲ ರೂಪಾಯಿಯಿಂದಲೇ ಇಡೀ ಮೊತ್ತಕ್ಕೆ ಅನ್ವಯ. ಇನ್ನೊಂದರಲ್ಲಿ ಆಯಾ ಸ್ಲಾಬ್‌ನಲ್ಲಿ ಬಿದ್ದ ಭಾಗಕ್ಕೆ ಮಾತ್ರ ಆಯಾ ದರ. ಕಾಗದದ ಮೇಲೆ ಎರಡೂ ಒಂದೇ ಥರ ಮೂರು ಸಾಲಿನ ಪಟ್ಟಿ. ವ್ಯತ್ಯಾಸ ಇರೋದು "ಭಾಗಕ್ಕೆ" ಅನ್ನೋ ಒಂದೇ ಪದದಲ್ಲಿ.

ಕರ್ನಾಟಕದವರಿಗೆ ಇದನ್ನು ಕರೆಂಟ್ ಬಿಲ್ ಚೆನ್ನಾಗಿ ಕಲಿಸಿದೆ. ಮೊದಲೆಲ್ಲ ಮನೆ ಬಿಲ್‌ನಲ್ಲಿ ಆಯಾ ಸ್ಲಾಬ್‌ನ ಯೂನಿಟ್‌ಗೆ ಆಯಾ ದರ ಇತ್ತು. 2023ರಲ್ಲಿ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ ಅದನ್ನು ಬದಲಾಯಿಸಿತು. ನೂರು ಯೂನಿಟ್‌ವರೆಗೆ ಯೂನಿಟ್‌ಗೆ 4.75 ರೂಪಾಯಿ, ನೂರು ದಾಟಿದರೆ ಎಲ್ಲ ಯೂನಿಟ್‌ಗೂ 7 ರೂಪಾಯಿ. ನಿಗದಿತ ಶುಲ್ಕ ಬಿಟ್ಟು ಬರೀ ಯೂನಿಟ್ ಲೆಕ್ಕ ನೋಡಿದರೆ 100 ಯೂನಿಟ್‌ಗೆ 475, 101 ಯೂನಿಟ್‌ಗೆ 707. ಒಂದೇ ಯೂನಿಟ್‌ಗೆ 232 ರೂಪಾಯಿ ಜಿಗಿತ. ಆ ಜೂನ್‌ನಲ್ಲಿ ಬಿಲ್ ನೋಡಿದವರು ಕೂಗಾಡಿದ್ದು ನೆನಪಿರಬಹುದು. 2024ರಲ್ಲಿ ಸ್ಲಾಬನ್ನೇ ತೆಗೆದು ಎಲ್ಲರಿಗೂ 5.90 ಮಾಡಿದರು. ಆದಾಯ ತೆರಿಗೆ ಹಾಗಲ್ಲ, ಅದು ಭಾಗದ ಲೆಕ್ಕ. ಸಂಬಳ ಮೇಲಿನ ಸ್ಲಾಬ್‌ಗೆ ಹೋದರೂ ಕೆಳಗಿನ ಭಾಗಕ್ಕೆ ಕೆಳಗಿನ ದರವೇ.

ತಮ್ಮನ ಲೆಟರ್‌ನಲ್ಲಿ "ಭಾಗಕ್ಕೆ" ಅಂತ ಸ್ಪಷ್ಟವಾಗಿತ್ತು. ಹಾಗಾಗಿ ಅವನು ಹೇಳೋ 9,03,000ವನ್ನೇ ಒಪ್ಪಿಕೊಂಡರೂ ಲೆಕ್ಕ ಹೀಗೆ: ಮೊದಲ 5 ಲಕ್ಷಕ್ಕೆ 2,500. ಮುಂದಿನ 3 ಲಕ್ಷಕ್ಕೆ 3,000. ಉಳಿದ 1,03,000ಕ್ಕೆ 2,060. ಬೋನಸ್ ಸೇರಿ 9,560. ಇಪ್ಪತ್ತು ಸಾವಿರ ಅಲ್ಲವೇ ಅಲ್ಲ. ಹದಿನಾಲ್ಕು ಸಾವಿರದ ಚಿಲ್ಲರೆ ಇದ್ದ ಅವನ ಸಿಟ್ಟು ಒಂದು ಮಿರ್ಚಿ ಮುಗಿಯೋದರೊಳಗೆ 4,120ಕ್ಕೆ ಇಳಿಯಿತು.

"ಹಂಗಾದ್ರೂ ನಾಕು ಸಾವಿರ ಎಲ್ಲಿ ಹೋತು?" ಅಂದ. ನ್ಯಾಯವಾದ ಪ್ರಶ್ನೆ.

ದರ ಸರಿ ಇದ್ದರೆ, ಮೊತ್ತ ನೋಡಿ

ನಾನು ಮಾಡೋದು ಸಾಫ್ಟ್‌ವೇರ್ ಕೆಲಸ. ಉತ್ತರ ತಪ್ಪು ಬಂದಾಗ ಮೊದಲು ಕೇಳೋದು, ಲೆಕ್ಕದ ಸೂತ್ರ ತಪ್ಪೋ ಅಥವಾ ಅದಕ್ಕೆ ಕೊಟ್ಟ ಅಂಕಿ ತಪ್ಪೋ ಅಂತ. ಸ್ಲಿಪ್‌ನ 7,94,000ವನ್ನು ಲೆಟರ್‌ನ ಸೂತ್ರಕ್ಕೆ ಹಾಕಿ ನೋಡಿದೆ. 2,500, ಅದರ ಮೇಲೆ 2,94,000ಕ್ಕೆ ಶೇ. 1 ಅಂದರೆ 2,940. ಒಟ್ಟು 5,440. ಪೈಸೆಗೆ ಪೈಸೆ ಸರಿ. ಟಾರ್ಗೆಟ್ ಮುಟ್ಟಿಲ್ಲ, ಬೋನಸ್ ಇಲ್ಲ. ಅಂದರೆ ಗುಣಾಕಾರ ಸರಿಯಿದೆ. ತಕರಾರು ಇರೋದು 7,94,000 ಎಲ್ಲಿಂದ ಬಂತು ಅನ್ನೋದರಲ್ಲಿ.

ಇದನ್ನು ನೀವೇ ನೋಡಿಕೊಳ್ಳೋಕೆ ಫೋನ್‌ನ ಶೀಟ್ಸ್ ಸಾಕು. A2 ಮನೆಯಲ್ಲಿ ನಿವ್ವಳ ಮಾರಾಟ ಹಾಕಿ, ಪಕ್ಕದಲ್ಲಿ ಇದನ್ನು ಹಾಕಿ. ದರ ಮತ್ತು ಗಡಿಗಳನ್ನು ನಿಮ್ಮ ಲೆಟರ್‌ಗೆ ತಕ್ಕಂತೆ ಬದಲಿಸಿಕೊಳ್ಳಿ:

```
=MIN(A2,500000)*0.5%
 +MAX(0,MIN(A2,800000)-500000)*1%
 +MAX(0,A2-800000)*2%
 +IF(A2>=800000,2000,0)
```

ಹಾಕಿದ ಮೇಲೆ ಗಡಿಯಲ್ಲಿ ಪರೀಕ್ಷೆ ಮಾಡಿ. 5,00,000ಕ್ಕೆ 2,500 ಬರಬೇಕು. 8,00,000ಕ್ಕೆ 7,500 ಬರಬೇಕು. ಒಂದೇ ರೂಪಾಯಿ ಕಮ್ಮಿ ಮಾಡಿ 7,99,999 ಹಾಕಿದರೆ 5,499.99ಕ್ಕೆ ಇಳಿಯಬೇಕು. ಈ ಜಿಗಿತವನ್ನು ಸ್ವಲ್ಪ ಗಮನದಲ್ಲಿಡಿ. ಕಥೆಯ ಗುಟ್ಟು ಅಲ್ಲೇ ಇದೆ. ನಿಮ್ಮ ಲೆಟರ್‌ನಲ್ಲಿ "ಮುಟ್ಟಿದರೆ" ಬದಲು "ದಾಟಿದರೆ" ಅಂತಿದ್ದರೆ ಕೊನೆಯ ಸಾಲಲ್ಲಿ `>=` ತೆಗೆದು `>` ಹಾಕಬೇಕು.

ಆಪ್ ತೋರಿಸೋದು ಮಾರಾಟವಲ್ಲ

ಈಗ 9,03,000ದಿಂದ 7,94,000ಕ್ಕೆ ಹೇಗೆ ಇಳಿದರು ಅಂತ ಮೆಟ್ಟಿಲು ಮೆಟ್ಟಿಲಾಗಿ ನೋಡಿದೆವು.

ಮೊದಲ ಮೆಟ್ಟಿಲು ತೆರಿಗೆ. ಆಪ್ ತೋರಿಸೋದು ಅಂಗಡಿಯವನು ಕೊಡಬೇಕಾದ ಮೊತ್ತ, ಅದರಲ್ಲಿ ಜಿಎಸ್‌ಟಿ ಸೇರಿದೆ. ಲೆಟರ್‌ನಲ್ಲಿ ನಿವ್ವಳ ಮಾರಾಟ ಅಂದರೆ ತೆರಿಗೆ ಬಿಟ್ಟು ಅಂತ ಬರೆದಿದೆ. ಮೈಸೋಪು, ಪೇಸ್ಟು, ಶಾಂಪೂ, ಬಿಸ್ಕತ್ತು ಎಲ್ಲ 2025ರ ಸೆಪ್ಟೆಂಬರ್ 22ರಿಂದ ಶೇ. 18ರಿಂದ 5ಕ್ಕೆ ಇಳಿದಿದ್ದವು. ಹಾಗಾಗಿ ಅಕ್ಟೋಬರ್‌ನ ಅವನ ಬಿಲ್‌ಗಳೆಲ್ಲ ಶೇ. 5ರವು. ತೆರಿಗೆ ತೆಗೆಯೋಕೆ 9,03,000ವನ್ನು 1.05ರಿಂದ ಭಾಗಿಸಬೇಕು, ಶೇ. 5 ಕಳೆಯೋದಲ್ಲ. ಭಾಗಿಸಿದರೆ 8,60,000. ಕಳೆದರೆ 8,57,850 ಬರುತ್ತೆ, ಅದು ತಪ್ಪು. ಯಾಕಂದ್ರೆ ಆ ಶೇ. 5 ಹಾಕಿರೋದು ಮೂಲ ಬೆಲೆಯ ಮೇಲೆ, ಒಟ್ಟು ಮೊತ್ತದ ಮೇಲಲ್ಲ.

ಎರಡನೇ ಮೆಟ್ಟಿಲು ತಾರೀಕು. ಅಕ್ಟೋಬರ್ 31ರ ಶುಕ್ರವಾರ ಸಂಜೆ ಕಂಪ್ಲಿಯ ಒಂದು ಹೋಲ್‌ಸೇಲ್ ಅಂಗಡಿಯಿಂದ ಇವನು ದೊಡ್ಡ ಆರ್ಡರ್ ಹಾಕಿದ್ದ, ತೆರಿಗೆ ಬಿಟ್ಟು 30,000. ಮಾರನೇ ದಿನ ರಾಜ್ಯೋತ್ಸವ, ಅದರ ಮಾರನೇ ದಿನ ಭಾನುವಾರ. ಬಿಲ್ ಆದದ್ದು ನವೆಂಬರ್ 3ರ ಸೋಮವಾರ. ಲೆಟರ್‌ನಲ್ಲಿ "ಬಿಲ್ ದಿನಾಂಕ" ಅಂತಿದೆ, ಆರ್ಡರ್ ದಿನಾಂಕ ಅಂತ ಇಲ್ಲ. ಹಾಗಾಗಿ ಆ 30,000 ನವೆಂಬರ್‌ಗೆ ಹೋಯಿತು. ಇವನಿಗೆ ಇದು ಅನ್ಯಾಯ ಅನ್ನಿಸಿತು. ಆದರೆ ನಿಯಮದ ಪ್ರಕಾರ ಸರಿ, ಆ ಮೊತ್ತ ಮುಂದಿನ ತಿಂಗಳಲ್ಲಿ ಸಿಗುತ್ತೆ. ಯಾವ ದರದಲ್ಲಿ ಸಿಗುತ್ತೆ ಅನ್ನೋದು ಮಾತ್ರ ಆ ತಿಂಗಳ ಮಾರಾಟ ಎಲ್ಲಿ ನಿಲ್ಲುತ್ತೆ ಅನ್ನೋದರ ಮೇಲೆ. ಈಗ ಉಳಿದದ್ದು 8,30,000. ಇದಕ್ಕೆ ಬರಬೇಕಾದದ್ದು 8,100. ಇನ್ನೂ 2,660 ಕಮ್ಮಿ ಇದೆ.

ಮೂರನೇ ಮೆಟ್ಟಿಲು ವಾಪಸಿ ಮಾಲು. 8,30,000ದಿಂದ 7,94,000ಕ್ಕೆ ಇಳೀಬೇಕಂದ್ರೆ 36,000 ರೂಪಾಯಿ ಮಾಲು ವಾಪಸ್ ಬಂದಿರಬೇಕು. "ಅಷ್ಟೆಲ್ಲಿ ಬಂದಿದೆ ಅಣ್ಣ, ಸಂಡೂರಿನಾಗ ಒಡೆದ ಶಾಂಪೂ ಡಬ್ಬ, ಹೊಸಪೇಟೆಯಾಗ ಸ್ವಲ್ಪ ಬಿಸ್ಕತ್ತು, ಅಷ್ಟ," ಅಂದ. ಆದರೆ ಇಲ್ಲಿ ನೆನಪನ್ನ ನಂಬೋ ಹಾಗಿಲ್ಲ. ಅಕೌಂಟೆಂಟ್‌ಗೆ ಒಂದು ಮೆಸೇಜ್ ಹಾಕಿಸಿದೆ: "ಸರ್, ಅಕ್ಟೋಬರ್ ತಿಂಗಳ ನನ್ನ ಲೈನ್‌ನ ಕ್ರೆಡಿಟ್ ನೋಟ್ ಪಟ್ಟಿ ಕಳಿಸ್ತೀರಾ? ಅಂಗಡಿಗಳ ಜೊತೆ ತಾಳೆ ನೋಡಬೇಕು." ದೂರು ಇಲ್ಲ, ಸಿಟ್ಟು ಇಲ್ಲ. ಅರ್ಧ ಗಂಟೆಯಲ್ಲಿ ಪಿಡಿಎಫ್ ಬಂತು.

ಎಲ್ಲ 5, ಒಂದು ಮಾತ್ರ 18

ಪಟ್ಟಿಯಲ್ಲಿ ಏಳು ಕ್ರೆಡಿಟ್ ನೋಟ್ ಇದ್ದವು. ಆರು ಸಣ್ಣವು, ಸೇರಿ 18,000. ಏಳನೆಯದು ಒಂದೇ 18,000. ಕಮಲಾಪುರದ ಅಂಗಡಿ, ಹಂಪಿ ಕಡೆಯ ಲಾಡ್ಜುಗಳಿಗೆ ಸಣ್ಣ ಸೋಪು, ಶಾಂಪೂ ಸ್ಯಾಶೆ ಸಪ್ಲೈ ಮಾಡೋರು.

ನನ್ನ ಕಣ್ಣಿಗೆ ಬಿದ್ದದ್ದು ಮೊತ್ತ ಅಲ್ಲ, ಅದರ ತೆರಿಗೆ ಕಾಲಂ. ಆರು ಸಾಲಲ್ಲಿ ತೆರಿಗೆ ಶೇ. 5 ಇದ್ದರೆ, ಇದೊಂದರಲ್ಲಿ 18,000ಕ್ಕೆ 3,240. ಅಂದರೆ ಶೇ. 18. ಹಳೇ ಬಿಲ್‌ನ ಮಾಲು ವಾಪಸ್ ಬಂದರೆ ಹಳೇ ಬಿಲ್‌ನ ತೆರಿಗೆ ದರದಲ್ಲೇ ಕ್ರೆಡಿಟ್ ನೋಟ್ ಆಗುತ್ತೆ. ಹಾಗಾದರೆ ಈ ಮಾಲು ಬಿಲ್ ಆದದ್ದು ಸೆಪ್ಟೆಂಬರ್ 22ಕ್ಕಿಂತ ಮೊದಲು. ಅದು ಅಕ್ಟೋಬರ್ ಪಟ್ಟಿಯಲ್ಲಿ ಇರೋದು ತಪ್ಪೇನಲ್ಲ. ಹಳೇ ಮಾಲು ತಡವಾಗಿ ವಾಪಸ್ ಬರಬಹುದು. ಆದರೆ ಅನುಮಾನಕ್ಕೆ ಅಷ್ಟು ಸಾಕು.

ತಮ್ಮನ ಒಂದು ಒಳ್ಳೇ ಅಭ್ಯಾಸ, ಪ್ರತಿ ತಿಂಗಳ ಕಾಗದ ತನಗೇ ವಾಟ್ಸಾಪ್ ಮಾಡಿಕೊಂಡಿರ್ತಾನೆ. ಸೆಪ್ಟೆಂಬರ್ ಸ್ಲಿಪ್‌ನ ಜೊತೆ ಬಂದ ಪಟ್ಟಿ ತೆಗೆದೆವು. ಅಲ್ಲಿತ್ತು! ಅದೇ ಅಂಗಡಿ, ಅದೇ ಮೂಲ ಬಿಲ್ ನಂಬರ್, ಅದೇ 18,000, ತಾರೀಕು ಸೆಪ್ಟೆಂಬರ್ 29. ಆ ತಿಂಗಳ ಮಾರಾಟದಿಂದ ಆಗಲೇ ಒಮ್ಮೆ ಕಳೆದಾಗಿತ್ತು.

ಒಂದೇ ವಾಪಸಿ ಎರಡು ತಿಂಗಳಲ್ಲಿ ಕಳೆದುಹೋಗಿದೆ. ಆಮೇಲೆ ಗೊತ್ತಾದ ಕಾರಣ ಇಷ್ಟು. ತೆರಿಗೆ ಬದಲಾದ ಗಡಿಬಿಡಿಯಲ್ಲಿ ಆಫೀಸಿನವರು ಕ್ರೆಡಿಟ್ ನೋಟ್ ಅನ್ನು 29ಕ್ಕೇ ಮಾಡಿ ಮುಗಿಸಿದ್ದರು. ಮಾಲು ಗೋಡೌನ್‌ಗೆ ಬಂದು ಇಳಿದದ್ದು ಅಕ್ಟೋಬರ್ ಮೊದಲ ವಾರ. ಗೋಡೌನ್ ಹುಡುಗ ಅದನ್ನು ಹೊಸ ವಾಪಸಿ ಅಂತ ಇನ್ನೊಮ್ಮೆ ಎಂಟ್ರಿ ಮಾಡಿದ. ಎರಡು ಕೈ, ಎರಡು ತಾರೀಕು, ಎರಡು ನೋಟ್ ನಂಬರ್. ನೋಟ್ ನಂಬರ್ ಬೇರೆ ಆದ್ದರಿಂದ ಸಾಫ್ಟ್‌ವೇರ್‌ಗೆ ಇದು ಎರಡನೇ ಸಲ ಅಂತ ತಿಳಿಯಲಿಲ್ಲ. ಮೂಲ ಬಿಲ್ ನಂಬರ್ ನೋಡಿದರೆ ಮಾತ್ರ ತಿಳೀತಿತ್ತು.

18,000ದ ತಪ್ಪು, 2,300ರ ನಷ್ಟ

ಎರಡನೇ ಸಲ ಕಳೆದ 18,000ವನ್ನು ವಾಪಸ್ ಸೇರಿಸಿದರೆ ನಿಜವಾದ ನಿವ್ವಳ ಮಾರಾಟ 8,12,000. ಸೂತ್ರಕ್ಕೆ ಹಾಕಿದೆ. 2,500, 3,000, ಮೇಲಿನ 12,000ಕ್ಕೆ 240. ಟಾರ್ಗೆಟ್ ಮುಟ್ಟಿದ್ದಕ್ಕೆ 2,000. ಒಟ್ಟು 7,740. ಕೊಟ್ಟದ್ದು 5,440. ಬಾಕಿ 2,300.

ಇದರಲ್ಲಿ ದರದಿಂದ ಹೋದದ್ದು ಬರೀ 300 ರೂಪಾಯಿ. ಉಳಿದ 2,000 ಹೋದದ್ದು ಗಡಿ ತಪ್ಪಿದ್ದರಿಂದ. ಇದೇ 18,000ದ ತಪ್ಪು ಮಾರಾಟ ಆರು ಲಕ್ಷ ಇದ್ದ ತಿಂಗಳಲ್ಲಿ ಆಗಿದ್ದರೆ ನಷ್ಟ 180 ರೂಪಾಯಿ, ಯಾರಿಗೂ ಗೊತ್ತೇ ಆಗ್ತಿರಲಿಲ್ಲ. ಹಾಗಾಗಿ ಸ್ಲಿಪ್‌ನ ಮೊತ್ತ ಟಾರ್ಗೆಟ್ ಗಡಿಗೆ ಸ್ವಲ್ಪವೇ ಕೆಳಗೆ ನಿಂತ ತಿಂಗಳು ಪಟ್ಟಿ ತರಿಸಿ ಸಾಲು ಸಾಲಾಗಿ ನೋಡಲೇಬೇಕು. ಗಡಿಯಿಂದ ದೂರ ಇದ್ದ ತಿಂಗಳು ಒಟ್ಟು ಮೊತ್ತ ನೋಡಿದರೂ ನಡೆಯುತ್ತೆ.

ಇದಕ್ಕೊಂದು ಮಿತಿ ಇದೆ, ಅದನ್ನೂ ಹೇಳಬೇಕು. ಸೆಪ್ಟೆಂಬರ್‌ನಲ್ಲಿ ಆ ನೋಟ್ ಕಳೆಯದೇ, ಅಕ್ಟೋಬರ್‌ನಲ್ಲಿ ಒಂದೇ ಸಲ ಕಳೆದಿದ್ದರೆ ಇವನ ಹತ್ತಿರ ಮಾತೇ ಇರಲಿಲ್ಲ. ಹಳೇ ತಿಂಗಳ ಮಾಲು ಈ ತಿಂಗಳ ಟಾರ್ಗೆಟ್ ಕೆಡಿಸಿತು ಅನ್ನೋ ಬೇಜಾರು ಇರ್ತಿತ್ತು, ಅಷ್ಟೇ. ಲೆಟರ್ ಪ್ರಕಾರ ವಾಪಸಿಯನ್ನು ಕ್ರೆಡಿಟ್ ನೋಟ್ ದಿನಾಂಕದ ತಿಂಗಳಲ್ಲೇ ಕಳೆಯೋದು. ತಿಂಗಳ ಕೊನೇ ದಿನ ಟಾರ್ಗೆಟ್ ಮುಟ್ಟಿಸೋಕೆ ಅಂಗಡಿಯವರ ಕೈಕಾಲು ಹಿಡಿದು ಮಾಲು ತುಂಬಿಸೋರಿಗೆ ಈ ನಿಯಮ ತಿರುಗಿ ಹೊಡೆಯೋದು ಹೀಗೇ. ಹಂಪಿಯಲ್ಲಿ ಸೀಸನ್ ಇಲ್ಲದ ತಿಂಗಳಲ್ಲಿ ತುಂಬಿಸಿದ ಮಾಲು ಮುಂದಿನ ತಿಂಗಳು ಅದೇ ಗಾಡಿಯಲ್ಲಿ ವಾಪಸ್ ಬರುತ್ತೆ.

ಕೇಳಿದ ರೀತಿ

ಆ ವಾಯ್ಸ್ ಮೆಸೇಜ್ ಡಿಲೀಟ್ ಮಾಡಿಸಿದೆ. ಬದಲಿಗೆ ನಾಲ್ಕು ಸಾಲು ಬರೆದೆವು: "ಸರ್, ಅಕ್ಟೋಬರ್ ಪಟ್ಟಿಯಲ್ಲಿರುವ ಕಮಲಾಪುರದ 18,000 ರೂ. ವಾಪಸಿ, ಸೆಪ್ಟೆಂಬರ್ 29ರ ಪಟ್ಟಿಯಲ್ಲೂ ಇದೆ. ಎರಡರ ಮೂಲ ಬಿಲ್ ನಂಬರ್ ಒಂದೇ. ಒಮ್ಮೆ ಮಾತ್ರ ಕಳೆದರೆ ನಿವ್ವಳ 8,12,000, ಇನ್ಸೆಂಟಿವ್ 7,740 ಆಗುತ್ತೆ. ದಯವಿಟ್ಟು ಪರಿಶೀಲಿಸಿ." ಎರಡೂ ಪಟ್ಟಿಯ ಆ ಸಾಲುಗಳ ಸ್ಕ್ರೀನ್‌ಶಾಟ್ ಜೊತೆಗೆ.

"ಹದಿನಾಲ್ಕು ಸಾವಿರ ಹೊಡದಾರ" ಅಂತ ಹೋಗಿದ್ದರೆ ಏನಾಗ್ತಿತ್ತು ಅಂತ ಊಹಿಸಿ. ಅಕೌಂಟೆಂಟ್ ಲೆಟರ್ ತೆಗೆದು "ಭಾಗಕ್ಕೆ" ಅಂತ ತೋರಿಸ್ತಿದ್ದರು, ಇವನು ತಲೆ ತಗ್ಗಿಸಿ ಬರ್ತಿದ್ದ. ಸಿಗಬೇಕಾಗಿದ್ದ ಆ 2,300 ಕೂಡ ಅದೇ ಗಲಾಟೆಯಲ್ಲಿ ಮುಳುಗಿಹೋಗ್ತಿತ್ತು.

ಮಾರನೇ ದಿನ ಅಕೌಂಟೆಂಟ್ ಫೋನ್ ಮಾಡಿದರು. "ಹೌದಪ್ಪ, ಎರಡು ಸಲ ಬಿದ್ದೈತಿ. ನವೆಂಬರ್ ಸಂಬಳದ ಜೊತಿಗೆ ಹಾಕ್ತೀನಿ. ಬೇರೆ ಲೈನ್‌ನವರದ್ದೂ ನೋಡ್ತೀನಿ ತಡಿ." ನೋಡಿದಾಗ ಇನ್ನೊಂದು ಲೈನ್‌ನಲ್ಲೂ ಅಂಥದ್ದೇ ಒಂದು ಸಿಕ್ಕಿತಂತೆ. ಡಿಸೆಂಬರ್ ಮೊದಲ ವಾರ ತಮ್ಮನ ಖಾತೆಗೆ ದುಡ್ಡು ಬಂತು.

ಈಗ ಅವನು ಮೂರು ಕೆಲಸ ಮಾಡ್ತಾನೆ. ತಿಂಗಳ ಕೊನೇ ದಿನ ರಾತ್ರಿ ಆಪ್‌ನ ಮೊತ್ತದ ಸ್ಕ್ರೀನ್‌ಶಾಟ್ ತೆಗೀತಾನೆ, ಯಾಕಂದ್ರೆ ಆಮೇಲೆ ವಾಪಸಿ ಬಂದ ಹಾಗೆ ಆ ಅಂಕಿ ಬದಲಾಗುತ್ತೆ. ದೊಡ್ಡ ಆರ್ಡರ್ ಇದ್ದರೆ ಅದೇ ದಿನ ಬಿಲ್ ಆಯ್ತಾ ಅಂತ ಆಫೀಸಿಗೆ ಫೋನ್ ಮಾಡ್ತಾನೆ. ಸ್ಲಿಪ್ ಬಂದಾಗ ಹಿಂದಿನ ಎರಡು ತಿಂಗಳ ವಾಪಸಿ ಪಟ್ಟಿ ಜೊತೆ ಮೂಲ ಬಿಲ್ ನಂಬರ್ ತಾಳೆ ಹಾಕ್ತಾನೆ. ಒಟ್ಟು ಇಪ್ಪತ್ತು ನಿಮಿಷದ ಕೆಲಸ.

ಇವನು ಸಂಬಳದವನಾದ್ದರಿಂದ ಇನ್ಸೆಂಟಿವ್ ಸಂಬಳದ ಲೆಕ್ಕಕ್ಕೇ ಸೇರುತ್ತೆ. ಸಂಬಳವಿಲ್ಲದೆ ಬರೀ ಕಮಿಷನ್ ಮೇಲೆ ದುಡಿಯೋರಾದರೆ ಇನ್ನೊಂದು ಮೆಟ್ಟಿಲಿದೆ. ಒಂದು ಕಂಪನಿಯಿಂದ ವರ್ಷಕ್ಕೆ 20,000 ದಾಟಿದ ಕಮಿಷನ್‌ಗೆ ಸಾಮಾನ್ಯವಾಗಿ ಶೇ. 2 ಟಿಡಿಎಸ್ ಹಿಡೀತಾರೆ. ಖಾತೆಗೆ ಬಂದ ದುಡ್ಡು ಸ್ಲಿಪ್‌ಗಿಂತ ಅಷ್ಟೇ ಕಮ್ಮಿ ಇದ್ದರೆ ಜಗಳಕ್ಕೆ ಹೋಗೋ ಮೊದಲು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನಿಮ್ಮ ಟಿಡಿಎಸ್ ವಿವರ ನೋಡಿ. ಹಿಡಿದ ಟಿಡಿಎಸ್ ಅಲ್ಲಿ ನಿಮ್ಮ ಹೆಸರಲ್ಲಿ ಕಾಣಿಸಬೇಕು.

ಕಳೆದ ಸಲ ಊರಿಗೆ ಹೋದಾಗ ತಮ್ಮ ಅದೇ ಅಂಗಡಿಗೆ ಕರೆದುಕೊಂಡು ಹೋದ. ಒಗ್ಗರಣಿ, ಎರಡು ಪ್ಲೇಟ್ ಮಿರ್ಚಿ, ಎರಡು ಚಹಾ. ಬಿಲ್ ಅವನೇ ಕೊಟ್ಟ. ಕೊಡೋ ಮೊದಲು ಚೀಟಿ ಮೇಲಿಂದ ಕೆಳಗೆ ಓದಿ, "ಅಣ್ಣ, ಮಿರ್ಚಿ ಮೂರು ಪ್ಲೇಟ್ ಹಾಕ್ಯಾರ ನೋಡು," ಅಂದ.